ಉಮ್ಮನ ಚಿನ್ನ: ತೂಕದ ನ್ಯಾಯ, ಮನಸ್ಸಿನ ನ್ಯಾಯ

ಜಮೀನಿನ ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತುತ್ತದೆ, ಊರಿಗೆಲ್ಲ ತಿಳಿಯುತ್ತದೆ. ಚಿನ್ನದ ಜಗಳ ಹಾಗಲ್ಲ. ಅದು ಮನೆಯ ಒಳಕೋಣೆಯಲ್ಲೇ ಹುಟ್ಟಿ, ಅಲ್ಲೇ ಉಳಿದು, ಅಕ್ಕತಂಗಿಯರು ಪರಸ್ಪರರ ಮಕ್ಕಳ ನಿಕಾಹಿಗೂ ಹೋಗದಷ್ಟು ಗಟ್ಟಿಯಾಗುತ್ತದೆ. ಕಾರಣವನ್ನು ಕೇಳಿದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೂರು ಪವನಿನ ಒಂದು ಸರ, ಅಥವಾ ಉಮ್ಮ ದಿನವೂ ತೊಡುತ್ತಿದ್ದ ಒಂದು ಜೊತೆ ಬಳೆ ಅಷ್ಟೇ ಅದರ ಹಿಂದಿರುತ್ತದೆ.

ನಮ್ಮ ಉಮ್ಮ ತೀರಿಕೊಂಡಾಗ ಬಾಪ ಇರಲಿಲ್ಲ. ಉಮ್ಮನ ತಂದೆತಾಯಿಯರೂ ಎಷ್ಟೋ ವರ್ಷಗಳ ಹಿಂದೆಯೇ ಅಲ್ಲಾಹನ ಕರೆಗೆ ಓಗೊಟ್ಟಿದ್ದರು. ವಾರೀಸುದಾರರಾಗಿ ಉಳಿದವರು ನಾವು ಐವರು: ಗಂಡು ಮಕ್ಕಳು ಇಬ್ಬರು, ಹೆಣ್ಣು ಮಕ್ಕಳು ಮೂವರು. ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವವನಾದ್ದರಿಂದ ಹಂಚಿಕೆಯ ಲೆಕ್ಕವನ್ನು ನಾನೇ ಹೇಳಿಬಿಡಲಿ ಎಂದು ಮನೆಯವರು ಬಯಸಿದರು. ಆದರೆ ನಾನೂ ಒಬ್ಬ ಪಾಲುದಾರ. ಪಾಲುದಾರನೇ ತಕ್ಕಡಿ ಹಿಡಿದರೆ, ಅವನು ಎಷ್ಟೇ ನೇರವಾಗಿ ತೂಗಿದರೂ ಒಂದಲ್ಲ ಒಂದು ದಿನ ಯಾರದಾದರೂ ಮನಸ್ಸಿನಲ್ಲಿ ಅನುಮಾನ ಮೂಡುತ್ತದೆ. ಆದ್ದರಿಂದ ಪಕ್ಕದ ಊರಿನ ಹಿರಿಯ ಉಸ್ತಾದರೊಬ್ಬರನ್ನು ಕರೆಸಿದೆವು. ಅವರ ಎದುರಿನಲ್ಲಿ ನಡೆದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿ ನಡೆಯಬೇಕಾದ ಕುಟುಂಬಗಳಿಗೆ ಇದರಿಂದ ಪ್ರಯೋಜನವಾದೀತು.

ಯಾವುದು ಉಮ್ಮನದು?

ಉಸ್ತಾದರು ಮೊದಲು ಪಾಲಿನ ಮಾತೆತ್ತಲಿಲ್ಲ. "ಪೆಟ್ಟಿಗೆಯಲ್ಲಿರುವುದೆಲ್ಲ ಮಯ್ಯಿತಿನ ಸೊತ್ತೇ ಎಂದು ಮೊದಲು ಖಚಿತಪಡಿಸಿಕೊಳ್ಳಿ" ಎಂದರು. ಈ ಒಂದು ಪ್ರಶ್ನೆಯೇ ಅರ್ಧ ದಿನವನ್ನು ತೆಗೆದುಕೊಂಡಿತು. ಪೆಟ್ಟಿಗೆಯಲ್ಲಿದ್ದ ಒಂದು ಜೊತೆ ಓಲೆ ನೆರೆಮನೆಯ ವೃದ್ಧೆಯೊಬ್ಬರು ನಂಬಿಕೆಯಿಂದ ಇಟ್ಟಿದ್ದ ಅಮಾನತ್ತು. ಅದನ್ನು ಅಂದೇ ಹಿಂದಿರುಗಿಸಿದೆವು. ಬಟ್ಟೆಗಳ ಕೆಳಗೆ ಸಹಕಾರಿ ಸಂಘವೊಂದರ ಗಿರವಿ ಚೀಟಿ ಸಿಕ್ಕಿತು. ಕಲ್ಲಿನ ನೆಕ್ಲೇಸು ಅಲ್ಲಿತ್ತು. ಪಾಲು ಮಾಡುವುದಕ್ಕೆ ಮೊದಲು ಸಾಲ ಮತ್ತು ವಸಿಯ್ಯತ್ತು ತೀರಬೇಕೆಂದು ಸೂರಃ ಅನ್ನಿಸಾದಲ್ಲಿ ಪಾಲಿನ ನಿಯಮದ ಜೊತೆಗೇ ಮತ್ತೆ ಮತ್ತೆ ಹೇಳಲಾಗಿದೆ. ಉಮ್ಮನ ಉಳಿತಾಯ ಖಾತೆಯಲ್ಲಿದ್ದ ಹಣದಿಂದ ಆ ಸಾಲವನ್ನು ತೀರಿಸಿ ನೆಕ್ಲೇಸನ್ನು ಬಿಡಿಸಿಕೊಂಡ ಮೇಲೆಯೇ ಅದು ಹಂಚಿಕೆಗೆ ಬಂತು.

ಇದರ ಮರುಮುಖವೂ ಇದೆ. ನಿಕಾಹಿನ ಸಮಯದಲ್ಲಿ ಉಮ್ಮ ಮಗಳಿಗೆ ಕೊಟ್ಟು, ಮಗಳು ಪಡೆದು ತೊಟ್ಟ ಒಡವೆ ಮಗಳದೇ. ಅದನ್ನು ಮರಳಿ ಲೆಕ್ಕಕ್ಕೆ ಎಳೆಯುವಂತಿಲ್ಲ. ಅಕ್ಕನಿಗೆ ಮದುವೆಯಲ್ಲಿ ಹತ್ತು ಪವನು ಸಿಕ್ಕಿತ್ತು, ಕಿರಿಯ ತಂಗಿಗೆ ಆರೇ ಸಿಕ್ಕಿತ್ತು ಎಂಬುದು ನಿಜವಾದರೂ, ಮರಣಾನಂತರದ ಪಾಲಿನಲ್ಲಿ ಆ ವ್ಯತ್ಯಾಸವನ್ನು ಕಳೆಯುವುದಕ್ಕೆ ಅವಕಾಶವಿಲ್ಲ.

ಇನ್ನು ಎಲ್ಲರ ಮನೆಯಲ್ಲೂ ಕೇಳಿಬರುವ ಮಾತು: "ಉಮ್ಮನ ಚಿನ್ನ ಹೆಣ್ಣುಮಕ್ಕಳಿಗೆ, ಬಾಪನ ಜಾಗ ಗಂಡುಮಕ್ಕಳಿಗೆ." ಇದು ಊರಿನ ರೂಢಿ, ಶರೀಅತ್ತಿನ ನಿಯಮವಲ್ಲ. ಉಮ್ಮನ ಚಿನ್ನದಲ್ಲಿ ಗಂಡುಮಕ್ಕಳಿಗೂ ಪಾಲಿದೆ, ಬಾಪನ ಜಾಗದಲ್ಲಿ ಹೆಣ್ಣುಮಕ್ಕಳಿಗೂ ಪಾಲಿದೆ. ಈ ರೂಢಿ ಹೆಣ್ಣುಮಕ್ಕಳ ಪರವಾಗಿರುವಂತೆ ಕಂಡರೂ, ಕೆಲವು ಪವನು ಚಿನ್ನವನ್ನು ಮುಂದಿಟ್ಟು ಅವರ ಜಮೀನಿನ ಹಕ್ಕನ್ನು ಮುಚ್ಚಿಹಾಕಲು ಬಳಕೆಯಾಗುವುದೇ ಹೆಚ್ಚು. ಗಂಡುಮಕ್ಕಳು ತಮ್ಮ ಪಾಲಿನ ಚಿನ್ನವನ್ನು ಅಕ್ಕತಂಗಿಯರಿಗೆ ಸಂತೋಷದಿಂದ ಬಿಟ್ಟುಕೊಡಬಹುದು. ಆದರೆ ಪಾಲು ಎಷ್ಟೆಂದು ಎಲ್ಲರಿಗೂ ತಿಳಿದ ಮೇಲೆ ಬಿಟ್ಟುಕೊಟ್ಟರೆ ಮಾತ್ರ ಅದು ದಾನ.

ನಮ್ಮ ಲೆಕ್ಕ ಸರಳವಾಗಿತ್ತು. ಗಂಡಿಗೆ ಎರಡು, ಹೆಣ್ಣಿಗೆ ಒಂದು. ಇಬ್ಬರು ಗಂಡುಮಕ್ಕಳದು ನಾಲ್ಕು, ಮೂವರು ಹೆಣ್ಣುಮಕ್ಕಳದು ಮೂರು, ಒಟ್ಟು ಏಳು ಪಾಲು.

ಒಡವೆಯ ತೂಕ ಬೇರೆ, ಚಿನ್ನದ ತೂಕ ಬೇರೆ

ಏಳು ಪಾಲು ಎಂದು ಹೇಳುವುದು ಸುಲಭ. ಆದರೆ ಒಡವೆಗಳನ್ನು ತಕ್ಕಡಿಗೆ ಹಾಕಿ ಬಂದ ಗ್ರಾಮನ್ನು ಏಳರಿಂದ ಭಾಗಿಸಿದರೆ ಅದು ನ್ಯಾಯವಾಗದು. ಒಂದು ಒಡವೆಯಲ್ಲಿ ಕಲ್ಲಿರುತ್ತದೆ, ಒಳಗೆ ಅರಗು ತುಂಬಿರುತ್ತದೆ, ದಾರವಿರುತ್ತದೆ. ಇನ್ನೊಂದರಲ್ಲಿ ಚಿನ್ನವೇ ಕಡಿಮೆ ಮಟ್ಟದ್ದಾಗಿರುತ್ತದೆ.

ಸಹೀಹ್ ಮುಸ್ಲಿಮಿನಲ್ಲಿ ಫಳಾಲ ಬಿನ್ ಉಬೈದ್(ರ) ಅವರ ಒಂದು ಹದೀಸ್ ಇದೆ. ಖೈಬರಿನ ದಿನ ಅವರು ಚಿನ್ನವೂ ಮಣಿಗಳೂ ಇದ್ದ ಹಾರವೊಂದನ್ನು 12 ದೀನಾರಿಗೆ ಕೊಂಡರು. ಮಣಿ ಮತ್ತು ಚಿನ್ನವನ್ನು ಬೇರ್ಪಡಿಸಿ ನೋಡಿದಾಗ ಚಿನ್ನವೇ 12 ದೀನಾರಿಗಿಂತ ಹೆಚ್ಚಿತ್ತು. ಪ್ರವಾದಿವರ್ಯರಿಗೆ(ಸ) ಈ ವಿಷಯವನ್ನು ತಿಳಿಸಿದಾಗ, ಬೇರ್ಪಡಿಸದೆ ಅಂಥದನ್ನು ಮಾರಬಾರದೆಂದು ಅವರು ಹೇಳಿದರು. ಚಿನ್ನಕ್ಕೆ ಚಿನ್ನವನ್ನು ಕೊಡುವ ವ್ಯಾಪಾರದ ಸಂದರ್ಭವದು. ಆದರೂ ಕಲ್ಲು ಬೆರೆತ ಒಡವೆಯ ಬೆಲೆಯನ್ನು ಕಣ್ಣಂದಾಜಿನಲ್ಲಿ ಕಟ್ಟುವವನಿಗೆ ಅದರಲ್ಲಿ ಎಚ್ಚರಿಕೆ ಇದೆ.

ಆದ್ದರಿಂದ ಪ್ರತಿಯೊಂದು ಒಡವೆಗೂ ಮೂರು ಸಂಖ್ಯೆಗಳನ್ನು ಬರೆದುಕೊಂಡೆವು: ಒಟ್ಟು ತೂಕ, ಕಲ್ಲು-ಅರಗು ಕಳೆದ ತೂಕ, ಮತ್ತು ಅದರಲ್ಲಿರುವ ಅಪ್ಪಟ ಚಿನ್ನ. ಕೊನೆಯದನ್ನು ತಿಳಿಯಲು ಶುದ್ಧತೆ ಗೊತ್ತಿರಬೇಕು. 916 ಎಂಬ ಹಾಲ್‌ಮಾರ್ಕ್ ಇದ್ದರೆ 22 ಕ್ಯಾರೆಟ್. ನೂರು ಗ್ರಾಮಿನಲ್ಲಿ 91.6 ಗ್ರಾಂ ಚಿನ್ನ. 2021ರ ನಂತರ ಹಾಲ್‌ಮಾರ್ಕ್ ಆದ ಒಡವೆಗಳಲ್ಲಿ ಅಕ್ಷರ ಮತ್ತು ಅಂಕೆಗಳು ಸೇರಿದ ಆರು ಚಿಹ್ನೆಗಳ ಎಚ್‌ಯುಐಡಿ ಸಂಖ್ಯೆಯೂ ಇರುತ್ತದೆ. ಅದನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿ ನೋಡಬಹುದು. ಆದರೆ ನಮ್ಮ ತಾಯಂದಿರ ಒಡವೆಗಳಲ್ಲಿ ಹೆಚ್ಚಿನವು ಹಾಲ್‌ಮಾರ್ಕಿನ ಕಾಲಕ್ಕಿಂತ ಮೊದಲಿನವು. ಅಕ್ಕಸಾಲಿಗ "ಇಪ್ಪತ್ತೆರಡು" ಎಂದು ಬಾಯಲ್ಲಿ ಹೇಳಿ ಕೊಟ್ಟದ್ದು ಪರೀಕ್ಷೆಯಲ್ಲಿ ಹದಿನೆಂಟು, ಇಪ್ಪತ್ತು ಎಂದು ಬರುವುದು ಅಪರೂಪವಲ್ಲ.

ಇಂದು ಯಂತ್ರದ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ, ಒಡವೆಗೆ ಹಾನಿಯೂ ಇಲ್ಲ. ಆದರೆ ಆ ಯಂತ್ರವು ಓದುವುದು ಮೇಲ್ಮೈಯನ್ನು ಮಾತ್ರ. ಒಳಗಿನ ಬೆಸುಗೆ ಅದಕ್ಕೆ ಕಾಣಿಸದು. ಕೊಂಡಿಗಳು ಹೆಚ್ಚಿರುವ, ಹಲವು ಸಲ ದುರಸ್ತಿಯಾದ ಒಡವೆಯನ್ನು ಕರಗಿಸಿದಾಗ ಯಂತ್ರ ಹೇಳಿದ್ದಕ್ಕಿಂತ ಕಡಿಮೆ ಬರುತ್ತದೆ. ನಮ್ಮಲ್ಲಿ ತುಂಡಾದ ಸರ, ಒಂಟಿ ಓಲೆ, ಸೊಟ್ಟಾದ ಉಂಗುರಗಳು ಸೇರಿ 18 ಗ್ರಾಂ ಇತ್ತು. ಯಂತ್ರ 88ರ ಆಸುಪಾಸು ತೋರಿಸಿತು; ಕರಗಿಸಿದ ಮೇಲೆ ಸಿಕ್ಕಿದ್ದು 83 ಚಿಲ್ಲರೆ. ಮಾರಬೇಕಾದ ಚೂರುಪಾರುಗಳನ್ನು ಮೊದಲೇ ಎಲ್ಲರೆದುರು ಕರಗಿಸಿ, ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಉಸ್ತಾದರು ಹಟ ಹಿಡಿದದ್ದು ಇದಕ್ಕಾಗಿ. ಅಂದಾಜನ್ನು ನಂಬಿ ಪಾಲು ಮಾಡಿಬಿಟ್ಟಿದ್ದರೆ, ಆ ನಷ್ಟವೆಲ್ಲ ಹಣ ಪಡೆಯುವವರ ತಲೆಯ ಮೇಲೆಯೇ ಬೀಳುತ್ತಿತ್ತು.

ಕಲ್ಲಿನ ನೆಕ್ಲೇಸು ಇನ್ನೊಂದು ಸಮಸ್ಯೆ. ಅದರ ಒಟ್ಟು ತೂಕ 36 ಗ್ರಾಂ. ಕಲ್ಲುಗಳು ಕೆಂಪು ಗಾಜು, ಅವಕ್ಕೆ ಬೆಲೆಯಿಲ್ಲ. ಆದರೆ ಕಿತ್ತು ತೂಗಿದರೆ ಒಡವೆಯೇ ಹಾಳಾಗುತ್ತದೆ. ಒಂದು ಅಂಗಡಿಯವರು ಕಲ್ಲು-ಅರಗು 5 ಗ್ರಾಂ ಎಂದರು, ಇನ್ನೊಬ್ಬರು 7 ಎಂದರು. ಇಬ್ಬರ ಮಾತನ್ನೂ ಎಲ್ಲರ ಮುಂದಿಟ್ಟು, ಎಲ್ಲರ ಒಪ್ಪಿಗೆಯಿಂದ 6 ಎಂದು ತೀರ್ಮಾನಿಸಿದೆವು. ಸತ್ಯವನ್ನು ನಿಖರವಾಗಿ ತಿಳಿಯಲು ಸಾಧ್ಯವಾಗದ ಕಡೆ, ಇಬ್ಬರು ಹೊರಗಿನವರ ಮಾತು ಮತ್ತು ಪಾಲುದಾರರೆಲ್ಲರ ಸಮ್ಮತಿಯೇ ದಾರಿ.

ಹೀಗೆ ಲೆಕ್ಕ ಹಾಕಿದಾಗ ಬಂದದ್ದಿಷ್ಟು. ಹಾಲ್‌ಮಾರ್ಕಿನ ನಾಲ್ಕು ಬಳೆ 48 ಗ್ರಾಂ, ಅಪ್ಪಟ ಚಿನ್ನ 44. ನೆಕ್ಲೇಸಿನಲ್ಲಿ ಚಿನ್ನದ ತೂಕ 30, ಮಟ್ಟ 20 ಕ್ಯಾರೆಟ್, ಅಪ್ಪಟ 25. ಉಮ್ಮನ ಕಿವಿಯ ಹಳೆಯ ಅಲಿಕತ್ತು 18 ಗ್ರಾಂ, 18 ಕ್ಯಾರೆಟ್, ಅಪ್ಪಟ 13.5. ದಿನವೂ ತೊಡುತ್ತಿದ್ದ ಸರ 15.8 ಗ್ರಾಂ, ಅಪ್ಪಟ 14.5. ಕರಗಿಸಿದ ಚೂರು 15. ಒಟ್ಟು 112 ಗ್ರಾಂ. ಏಳರಿಂದ ಭಾಗಿಸಿದರೆ ಒಂದು ಪಾಲಿಗೆ 16. ಅಂದರೆ ಹೆಣ್ಣುಮಕ್ಕಳಿಗೆ 16 ಗ್ರಾಂ, ಗಂಡುಮಕ್ಕಳಿಗೆ 32.

ದರದ ವಿಷಯದಲ್ಲೂ ಒಂದು ಮಾತು. ಅಂಗಡಿಯವರು ಹೊಸ ಒಡವೆಯನ್ನು ಮಾರುವ ದರದಲ್ಲಿ ಮಜೂರಿ, ಸವಕಲು, ತೆರಿಗೆ ಎಲ್ಲ ಸೇರಿರುತ್ತದೆ. ಹಳೆಯ ಒಡವೆಯನ್ನು ಕೊಡಲು ಹೋದರೆ ಇವಾವುದೂ ಸಿಗುವುದಿಲ್ಲ. ಆದ್ದರಿಂದ ಒಡವೆಯನ್ನು ಇಟ್ಟುಕೊಳ್ಳುವವರಿಗೂ ಹಣ ಪಡೆಯುವವರಿಗೂ ಒಂದೇ ದರವಿರಬೇಕು. ಅಂಗಡಿಯವರು ಆ ದಿನ ಕೊಳ್ಳುವ ದರವೇ ಅದಕ್ಕೆ ಸರಿಯಾದುದು. ಉಮ್ಮ ಕೊಂಡಾಗ ಎಷ್ಟು ಕೊಟ್ಟಿದ್ದರು ಎಂಬುದು ಇಲ್ಲಿ ಲೆಕ್ಕಕ್ಕೆ ಬಾರದು.

ಮನಸ್ಸಿಗೆ ಎಲ್ಲಿ ಹಕ್ಕಿದೆ?

ಇಷ್ಟರವರೆಗೆ ಎಲ್ಲವೂ ಗಣಿತ. ಕಷ್ಟ ಬಂದದ್ದು ಅಲಿಕತ್ತಿನಲ್ಲಿ. ಕಿವಿಯ ಅಂಚಿನುದ್ದಕ್ಕೂ ತೊಡುವ ಆ ಬಳೆಯೋಲೆಗಳ ಸಾಲು ಈಗ ಯಾರೂ ಮಾಡಿಸುವುದಿಲ್ಲ. ಅಪ್ಪಟ ಚಿನ್ನದಲ್ಲಿ ಅದು ಎಲ್ಲಕ್ಕಿಂತ ಕಡಿಮೆ, ಮಟ್ಟದಲ್ಲೂ ಕಡಿಮೆ. ಆದರೂ ಅಕ್ಕ ಮತ್ತು ಕಿರಿಯ ತಂಗಿ ಇಬ್ಬರಿಗೂ ಬೇಕಾದದ್ದು ಅದೇ. ಉಮ್ಮ ಅದನ್ನು ತೊಟ್ಟು ನಡೆದದ್ದನ್ನು ಅಕ್ಕ ಬಾಲ್ಯದಿಂದ ಕಂಡವಳು. ಕೊನೆಯ ನಾಲ್ಕು ವರ್ಷ ಉಮ್ಮನ ಆರೈಕೆ ಮಾಡಿದವಳು ತಂಗಿ. "ಇದು ನಿನಗೇ ಎಂದು ಉಮ್ಮ ಎಷ್ಟು ಸಲ ಹೇಳಿದ್ದರು, ನೀವೆಲ್ಲ ಕೇಳಿಲ್ಲವೇ?" ಎಂದು ತಂಗಿ ಕೇಳಿದಳು. ಕೇಳಿದ್ದೆವು, ಸುಳ್ಳಲ್ಲ.

ಉಸ್ತಾದರು ತಂಗಿಗೆ ತಾಳ್ಮೆಯಿಂದ ವಿವರಿಸಿದರು. ಬದುಕಿದ್ದಾಗ ಕೊಟ್ಟ ಹಿಬಾ ಪೂರ್ಣವಾಗಬೇಕಾದರೆ ಪಡೆದವರ ಕೈಗೆ ಅದು ಸೇರಿರಬೇಕು. ಅಲಿಕತ್ತು ಕೊನೆಯವರೆಗೂ ಉಮ್ಮನ ಪೆಟ್ಟಿಗೆಯಲ್ಲೇ, ಉಮ್ಮನ ಬೀಗದಲ್ಲೇ ಇತ್ತು. ಆದ್ದರಿಂದ ಅದು ಹಿಬಾ ಆಗಲಿಲ್ಲ. ವಸಿಯ್ಯತ್ತು ಎನ್ನೋಣವೆಂದರೆ, ವಾರೀಸುದಾರರಿಗೆ ಮಾಡಿದ ವಸಿಯ್ಯತ್ತು ಉಳಿದ ವಾರೀಸುದಾರರು ಒಪ್ಪಿದರೆ ಮಾತ್ರ ನಡೆಯುತ್ತದೆ. ಆ ಒಪ್ಪಿಗೆಯನ್ನು ಮರಣದ ನಂತರ, ಪ್ರಾಯಕ್ಕೆ ಬಂದವರು, ತಮ್ಮ ಪಾಲಿನ ಮಟ್ಟಿಗೆ ಮಾತ್ರ ಕೊಡಬಹುದು. ವಾರೀಸುದಾರರಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಪರವಾಗಿ ಯಾರೂ ಉದಾರರಾಗುವಂತಿಲ್ಲ. ಯತೀಮರ ಸೊತ್ತಿನ ಕುರಿತು ಕುರ್‌ಆನಿನ ಎಚ್ಚರಿಕೆ ಅತ್ಯಂತ ಕಠಿಣವಾದುದು.

ನಮ್ಮ ಪೈಕಿ ಎಲ್ಲರೂ ಪ್ರಾಯದವರೇ. ಆದರೂ ಉಸ್ತಾದರು ಎಲ್ಲರೆದುರು "ಒಪ್ಪುತ್ತೀರಾ?" ಎಂದು ಕೇಳಲಿಲ್ಲ. ಸಭೆಯಲ್ಲಿ ಕೇಳಿದರೆ ನಾಚಿಕೆಯಿಂದ ಬಾಯಿ ಒಪ್ಪುತ್ತದೆ, ಮನಸ್ಸು ಒಪ್ಪುವುದಿಲ್ಲ. ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ, ಮರುದಿನ ಉತ್ತರಿಸಲು ಹೇಳಿದರು. ಅಲಿಕತ್ತನ್ನು ಪಾಲಿನ ಹೊರಗೆ ತಂಗಿಗೆ ಬಿಡಲು ಅಕ್ಕನ ಮನಸ್ಸು ಒಪ್ಪಲಿಲ್ಲ. ಹಾಗೆಂದು ಅವಳು ಹೇಳಿದ್ದನ್ನು ಯಾರೂ ತಪ್ಪೆನ್ನಲೂ ಇಲ್ಲ.

ಆಗ ಉಸ್ತಾದರು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ: "ಯಾವ ಒಡವೆ ಎಂಬುದರಲ್ಲಿ ಪ್ರೀತಿಗೆ ಹಕ್ಕಿದೆ, ಎಷ್ಟು ಎಂಬುದರಲ್ಲಿ ಇಲ್ಲ." ಅಂದರೆ ಇಷ್ಟಪಟ್ಟವರು ಆ ಒಡವೆಯನ್ನೇ ಪಡೆಯಲಿ. ಆದರೆ ಅದರ ಚಿನ್ನವನ್ನು ಅವರ 16 ಗ್ರಾಮಿನಲ್ಲಿ ಹಿಡಿಯಬೇಕು. ಆರೈಕೆ ಮಾಡಿದ ತಂಗಿಯ ಪುಣ್ಯ ಅಲ್ಲಾಹನ ಬಳಿ ಇದೆ; ಅದನ್ನು ಗ್ರಾಮಿನಲ್ಲಿ ಅಳೆದರೆ ಕಿರಿದಾಗುತ್ತದೆ.

ಪ್ರತಿಯೊಬ್ಬರೂ ತಮಗೆ ಬೇಕಾದ ಒಡವೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ನಡುವಿನ ತಂಗಿ ನೆಕ್ಲೇಸನ್ನು ಬರೆದಿದ್ದಳು. ಬೇರೆ ಯಾರೂ ಅದನ್ನು ಬಯಸಿರಲಿಲ್ಲ. ನಾವು ಅಣ್ಣತಮ್ಮಂದಿರಿಬ್ಬರೂ "ಯಾವುದಾದರೂ ಸರಿ" ಎಂದಿದ್ದೆವು. ಅಲಿಕತ್ತಿಗೆ ಮಾತ್ರ ಎರಡು ಚೀಟಿಗಳು. ಎರಡು ಕಿವಿಗಳದ್ದನ್ನು ಒಂದೊಂದಾಗಿ ಹಂಚೋಣವೇ ಎಂದು ಕೇಳಿದಾಗ ಅಕ್ಕನೇ ಬೇಡವೆಂದಳು.

ಉಮ್ಮು ಸಲಮಾ(ರ) ವರದಿ ಮಾಡಿದ ಹದೀಸ್ ಅಬೂ ದಾವೂದಿನಲ್ಲಿದೆ. ವಾರೀಸು ಸೊತ್ತಿನ ಬಗ್ಗೆ ತಕರಾರಿದ್ದ, ಆದರೆ ಪುರಾವೆಯಿಲ್ಲದ ಇಬ್ಬರು ಪ್ರವಾದಿವರ್ಯರ(ಸ) ಬಳಿಗೆ ಬಂದರು. ಸಹೋದರನ ಹಕ್ಕನ್ನು ಪಡೆದುಕೊಳ್ಳುವುದು ಬೆಂಕಿಯ ತುಂಡನ್ನು ಪಡೆದುಕೊಳ್ಳುವುದೆಂದು ಕೇಳಿದಾಗ ಇಬ್ಬರೂ ಅತ್ತು, ತಂತಮ್ಮ ಹಕ್ಕನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರು. ಆದರೂ ಪ್ರವಾದಿವರ್ಯರು(ಸ) ಅಷ್ಟಕ್ಕೇ ಬಿಡಲಿಲ್ಲ. ನ್ಯಾಯವಾಗಿ ಪಾಲು ಮಾಡಿ, ಚೀಟಿ ಎತ್ತಿ, ಆ ಬಳಿಕ ಪರಸ್ಪರ ಹಲಾಲ್ ಮಾಡಿಕೊಳ್ಳಿ ಎಂದು ಕಳುಹಿಸಿದರು. ಈ ಕ್ರಮವನ್ನು ಗಮನಿಸಬೇಕು: ಮೊದಲು ಸರಿಯಾದ ಪಾಲು, ಆಮೇಲೆ ಚೀಟಿ, ಕೊನೆಗೆ ಮನಸ್ಸಿನಿಂದ ಬಿಡುಗಡೆ. ನಮ್ಮ ಮನೆಗಳಲ್ಲಿ ಮೊದಲೆರಡನ್ನು ಬಿಟ್ಟು ಮೂರನೆಯದನ್ನು ಮಾತ್ರ, ಅದೂ ಹೆಣ್ಣುಮಕ್ಕಳಿಂದ ಮಾತ್ರ, ಕೇಳುವ ಅಭ್ಯಾಸವಿದೆ.

ಚೀಟಿ ಎತ್ತಿದೆವು. ಅಲಿಕತ್ತು ತಂಗಿಗೆ ಬಂತು. ಅಕ್ಕ ಸ್ವಲ್ಪ ಹೊತ್ತು ಅಡುಗೆ ಮನೆಗೆ ಹೋಗಿ ಕುಳಿತಳು. ಅವಳು ಹೊರಬರುವವರೆಗೆ ಉಸ್ತಾದರು ಮುಂದಿನ ಒಡವೆಯನ್ನು ಮುಟ್ಟಲಿಲ್ಲ. ಉಮ್ಮ ದಿನವೂ ತೊಡುತ್ತಿದ್ದ ಸರವನ್ನು ಅವಳು ತೆಗೆದುಕೊಂಡಳು.

ವ್ಯತ್ಯಾಸವನ್ನು ಸರಿದೂಗಿಸುವಾಗ

ಈಗ ಯಾರಿಗೆ ಎಷ್ಟು ಕಡಿಮೆ, ಎಷ್ಟು ಹೆಚ್ಚು? ಅಕ್ಕನ ಸರ 14.5, ಅವಳಿಗೆ 1.5 ಬರಬೇಕು. ಕಿರಿಯ ತಂಗಿಯ ಅಲಿಕತ್ತು 13.5, ಅವಳಿಗೆ 2.5 ಬರಬೇಕು. ನಾವಿಬ್ಬರೂ ಎರಡೆರಡು ಬಳೆ, ಅಂದರೆ 22 ಗ್ರಾಂ ಪಡೆದೆವು. ತಲಾ 10 ಬರಬೇಕು. ಎಲ್ಲ ಸೇರಿ 24. ಕರಗಿಸಿದ ಚೂರಿನಿಂದ 15 ಗ್ರಾಮಿನ ಹಣ ಬಂದಿತ್ತು. ಅದರಲ್ಲಿ ಅಕ್ಕನದನ್ನೂ ತಂಗಿಯದನ್ನೂ ಅಲ್ಲೇ ಎಣಿಸಿಕೊಟ್ಟೆವು. ಉಳಿದ 11 ಗ್ರಾಮಿನದು ನಮ್ಮಿಬ್ಬರಿಗೆ ಐದೂವರೆಯಂತೆ. ಬಾಕಿ ಉಳಿದ 9 ಗ್ರಾಂ ನಡುವಿನ ತಂಗಿಯ ನೆಕ್ಲೇಸಿನಲ್ಲಿತ್ತು. ಅವಳ ಹಕ್ಕು 16, ನೆಕ್ಲೇಸು 25.

ಅವಳ ಕೈಯಲ್ಲಿ ಅಂದು ಹಣವಿರಲಿಲ್ಲ. "ತೆಗೆದುಕೊಂಡು ಹೋಗು, ಆದಾಗ ಕೊಡು" ಎಂದು ನನ್ನ ಅಣ್ಣ ಹೇಳಿದ. ಒಳ್ಳೆಯ ಮನಸ್ಸಿನ ಮಾತೇ. ಆದರೆ ಉಸ್ತಾದರು ತಡೆದರು. ಚಿನ್ನವನ್ನು ಹಣಕ್ಕೆ ಕೊಡುವಾಗ ಎರಡೂ ಕಡೆಯ ಕೈ ಬದಲಾವಣೆ ಅದೇ ಕೂಟದಲ್ಲಿ ಆಗಬೇಕೆಂಬುದು ಇಂದಿನ ಬಹುತೇಕ ವಿದ್ವಾಂಸರ ನಿಲುವು. ಚಿನ್ನವನ್ನು ಇಂದು ಕೊಟ್ಟು ಹಣಕ್ಕೆ ಅವಧಿ ಇಟ್ಟರೆ ಅದು ರಿಬಾದ ಬಾಗಿಲಿಗೆ ಹತ್ತಿರವಾಗುತ್ತದೆ. ಲೌಕಿಕವಾಗಿಯೂ ಅಪಾಯವಿದೆ. ಆರು ತಿಂಗಳಲ್ಲಿ ದರ ಏರಿದರೆ, ಅಂದಿನ ದರವೋ ಇಂದಿನ ದರವೋ ಎಂಬ ಪ್ರಶ್ನೆಯೇ ಹೊಸ ಜಗಳ.

ಪರಿಹಾರ ಸರಳವಾಗಿತ್ತು. ನೆಕ್ಲೇಸನ್ನು ಪಾಲು ಮಾಡದೆ ಮೂವರ ಜಂಟಿ ಸೊತ್ತಾಗಿ ಬಿಟ್ಟೆವು: ಅವಳದು 16, ನಮ್ಮಿಬ್ಬರದು ತಲಾ ನಾಲ್ಕೂವರೆ. ಅದು ಅಕ್ಕನ ಬಳಿ ಇರಲೆಂದು ತೀರ್ಮಾನವಾಯಿತು. ಮೂರು ವಾರಗಳ ಬಳಿಕ ಅವಳು ಹಣ ತಂದಳು. ಅಂದಿನ ದರದಂತೆ ನಮ್ಮ 9 ಗ್ರಾಮಿನ ಬೆಲೆಯನ್ನು ಕೊಟ್ಟಳು, ನೆಕ್ಲೇಸು ಅವಳ ಕೈಸೇರಿತು. ನಮ್ಮ ಲೆಕ್ಕವೂ ತುಂಬಿತು: ಬಳೆ 22, ಚೂರಿನಿಂದ ಐದೂವರೆ, ನೆಕ್ಲೇಸಿನಿಂದ ನಾಲ್ಕೂವರೆ, ಒಟ್ಟು 32.

ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿ ಒಡವೆಯ ಮೂರೂ ತೂಕಗಳನ್ನು, ದಿನದ ದರವನ್ನು, ಪಡೆದವರ ಹೆಸರನ್ನು ನಮೂದಿಸಿ ಐವರೂ ಸಹಿ ಹಾಕಿದೆವು. ಉಸ್ತಾದರೂ ಅಂಗಡಿಯವರೂ ಸಾಕ್ಷಿಗಳು. ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ.

ಪಾಲಿಲ್ಲದವರ ಪಾಲು

ಉಮ್ಮನಿಗಿಂತ ಮೊದಲೇ ತೀರಿಹೋದ ನಮ್ಮ ಹಿರಿಯಣ್ಣನಿಗೆ ಒಬ್ಬ ಮಗಳಿದ್ದಾಳೆ. ಗಂಡುಮಕ್ಕಳು ಬದುಕಿರುವಾಗ ಮಗನ ಮಗಳಿಗೆ ಪಾಲು ಬರುವುದಿಲ್ಲ. ಉಮ್ಮ ಬಯಸಿದ್ದರೆ ಮೂರನೇ ಒಂದಂಶದೊಳಗೆ ಅವಳಿಗಾಗಿ ವಸಿಯ್ಯತ್ತು ಮಾಡಬಹುದಿತ್ತು. ವಾರೀಸುದಾರಳಲ್ಲದ ಕಾರಣ ಅದಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಉಮ್ಮ ಏನೂ ಬರೆದಿಡಲಿಲ್ಲ. ಪಾಲು ಮಾಡುವಾಗ ಪಾಲಿಲ್ಲದ ಬಂಧುಗಳೂ ಯತೀಮರೂ ಬಡವರೂ ಹಾಜರಿದ್ದರೆ ಅವರಿಗೂ ಏನಾದರೂ ಕೊಡಬೇಕು, ಅವರೊಡನೆ ಒಳ್ಳೆಯ ಮಾತನ್ನಾಡಬೇಕು ಎಂದು ಸೂರಃ ಅನ್ನಿಸಾ ಕಲಿಸುತ್ತದೆ. ಆ ಹುಡುಗಿ ಅಂದು ಎಲ್ಲರಿಗೂ ಚಹಾ ತಂದುಕೊಟ್ಟಳು. ಅವಳ ಕಿವಿ ಬರಿದಾಗಿತ್ತು. ಹಂಚಿಕೆ ಮುಗಿದ ಮೇಲೆ ನಾವು ಐವರೂ ನಮ್ಮ ನಮ್ಮ ಪಾಲಿನಿಂದ ಹಣ ಸೇರಿಸಿ ಅವಳಿಗೆ ಒಂದು ಜೊತೆ ಓಲೆ ಮಾಡಿಸಿದೆವು. ಒಟ್ಟು ಸೊತ್ತಿನಿಂದ ಮೊದಲೇ ತೆಗೆದಿಟ್ಟು ಕೊಟ್ಟಿದ್ದರೆ, ಯಾರು ಮನಸ್ಸಿನಿಂದ ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ತಿಳಿಯುತ್ತಿರಲಿಲ್ಲ.

ಇದನ್ನು ಓದುವ ತಾಯಂದಿರಲ್ಲಿ ಒಂದು ವಿನಂತಿ. ನಿಮ್ಮ ಒಡವೆಗಳಲ್ಲಿ ಯಾವುದು ನಿಮ್ಮದು, ಯಾವುದು ಸೊಸೆಯದು, ಯಾವುದು ಇನ್ನೊಬ್ಬರ ಅಮಾನತ್ತು, ಯಾವುದು ಗಿರವಿಯಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಯಾರಿಗಾದರೂ ಏನನ್ನಾದರೂ ಕೊಡಬೇಕೆಂದಿದ್ದರೆ, ಮಕ್ಕಳ ನಡುವೆ ನ್ಯಾಯವನ್ನು ಕಾಪಾಡಿಕೊಂಡು, ಆರೋಗ್ಯವಿರುವಾಗಲೇ ಅವರ ಕೈಗೆ ಕೊಟ್ಟುಬಿಡಿ. "ಇದು ನಿನಗೆ" ಎಂದು ಹೇಳಿ ಬೀಗ ಹಾಕಿಟ್ಟ ಒಡವೆ, ನಿಮ್ಮ ನಂತರ ಆ ಮಗಳಿಗೂ ಉಳಿದವರಿಗೂ ನೋವು ಕೊಡುತ್ತದೆ.

ನಮ್ಮ ಕೈಗೆ ಬರುವ ಪ್ರತಿ ಗ್ರಾಂ ನಮ್ಮದೇ ಹಕ್ಕಿನದ್ದಾಗಿರಲಿ, ನಮ್ಮ ನಂತರವೂ ನಮ್ಮ ಮಕ್ಕಳು ಒಬ್ಬರ ಮನೆಗೆ ಒಬ್ಬರು ಹೋಗಿ ಬರುವವರಾಗಿರಲಿ. ಅಲ್ಲಾಹನು ಅದಕ್ಕೆ ತೌಫೀಕ್ ನೀಡಲಿ. ಆಮೀನ್.